‘ನಾನು ಹಾಗೆ ಹೇಳಲೇ ಇಲ್ಲ’ ಎಂದ ಕೂಡಲೇ ಅದು ಗ್ಯಾಸ್‌ಲೈಟಿಂಗ್ ಆಗುತ್ತದೆಯೇ? ಮರೆವು, ಜಗಳ ಮತ್ತು ಮೋಸದ ನಡುವಿನ ವ್ಯತ್ಯಾಸ ಗುರುತಿಸುವುದು ಹೇಗೆ?

‘ನಿಮ್ಮ ಗಂಡ ಅಥವಾ ಹೆಂಡತಿ ಈ ಐದು ಮಾತು ಹೇಳುತ್ತಿದ್ದರೆ ಎಚ್ಚರ, ಅವರು ಗ್ಯಾಸ್‌ಲೈಟಿಂಗ್ ಮಾಡುತ್ತಿದ್ದಾರೆ!’ ಈ ಧಾಟಿಯ ಸಂದೇಶಗಳು ಆಗಾಗ ವಾಟ್ಸಾಪ್ ಗುಂಪುಗಳಲ್ಲಿ ಹರಿದಾಡುತ್ತವೆ. ಪಟ್ಟಿಯಲ್ಲಿ ಸಾಮಾನ್ಯವಾಗಿ ಇರುವ ಮಾತುಗಳು ಇವು: ‘ನಾನು ಹಾಗೆ ಹೇಳಲೇ ಇಲ್ಲ’, ‘ನಿನಗೆ ನೆನಪಿಲ್ಲ ಅಷ್ಟೇ’, ‘ನೀನು ಸುಮ್ಮನೆ ದೊಡ್ಡದು ಮಾಡುತ್ತೀಯ’. ಇವನ್ನು ಓದಿದ ಕೂಡಲೇ ‘ಅಯ್ಯೋ, ನಮ್ಮ ಮನೆಯಲ್ಲೂ ಇದೇ ನಡೀತಿದೆ’ ಎಂದು ಎಷ್ಟೋ ಜನರಿಗೆ ಅನ್ನಿಸುತ್ತದೆ. ಈ ಮಾತುಗಳನ್ನು ಒಮ್ಮೆಯಾದರೂ ಆಡದ ಮನೆ ಇಲ್ಲವಲ್ಲ!

ಹಾಗಾದರೆ ಈ ಸಂದೇಶ ನಿಜವೇ? ಚಿಕ್ಕ ಉತ್ತರ: ಅರ್ಧ ನಿಜ. ಗ್ಯಾಸ್‌ಲೈಟಿಂಗ್ ಎಂಬುದು ನಿಜವಾಗಿಯೂ ಇದೆ, ಅದರಿಂದ ಆಗುವ ಹಾನಿಯೂ ನಿಜ. ಆದರೆ ಒಂದು ಮಾತಿನಿಂದ ಅದನ್ನು ಗುರುತಿಸಲು ಬರುವುದಿಲ್ಲ. ಆ ಮಾತಿನ ಹಿಂದೆ ಮುಂದೆ ಏನು ನಡೆಯುತ್ತದೆ ಎಂಬುದರಿಂದ ಮಾತ್ರ ಗುರುತಿಸಬಹುದು. ಇದನ್ನೇ ಈ ಲೇಖನದಲ್ಲಿ ವಿವರವಾಗಿ ನೋಡೋಣ.

ಗ್ಯಾಸ್ ದೀಪಕ್ಕೂ ಇದಕ್ಕೂ ಏನು ಸಂಬಂಧ?

ಈ ಹೆಸರು ಬಂದದ್ದು ಒಂದು ನಾಟಕದಿಂದ. ಬ್ರಿಟನ್ನಿನ ಪ್ಯಾಟ್ರಿಕ್ ಹ್ಯಾಮಿಲ್ಟನ್ 1938ರಲ್ಲಿ ‘ಗ್ಯಾಸ್ ಲೈಟ್’ ಎಂಬ ನಾಟಕ ಬರೆದರು. ಅದನ್ನು ಆಧರಿಸಿ 1944ರಲ್ಲಿ ಬಂದ ಹಾಲಿವುಡ್ ಚಿತ್ರ ಹೆಚ್ಚು ಪ್ರಸಿದ್ಧ. ಅದರ ನಾಯಕಿಯಾಗಿ ನಟಿಸಿದ ಇಂಗ್ರಿಡ್ ಬರ್ಗ್‌ಮನ್ ಅವರಿಗೆ ಆಸ್ಕರ್ ಬಂತು.

ಚಿತ್ರದಲ್ಲಿ ಗಂಡ ತನ್ನ ಹೆಂಡತಿಯ ಕೊಲೆಯಾದ ಚಿಕ್ಕಮ್ಮನ ಒಡವೆಗಳನ್ನು ಹುಡುಕಲು ಪ್ರತಿ ರಾತ್ರಿ ಗುಟ್ಟಾಗಿ ಅಟ್ಟಕ್ಕೆ ಹೋಗುತ್ತಾನೆ. ಅಲ್ಲಿ ಗ್ಯಾಸ್ ದೀಪ ಹಚ್ಚಿದಾಗ ಕೆಳಗಿನ ಕೋಣೆಯ ದೀಪಕ್ಕೆ ಹೋಗುವ ಗ್ಯಾಸ್ ಕಡಿಮೆಯಾಗಿ ಅದು ಮಂಕಾಗುತ್ತದೆ. ಮೇಲಿನಿಂದ ಹೆಜ್ಜೆ ಸಪ್ಪಳವೂ ಕೇಳುತ್ತದೆ. ಹೆಂಡತಿ ಹೇಳಿದರೆ ‘ಅದೆಲ್ಲ ನಿನ್ನ ಭ್ರಮೆ’ ಎನ್ನುತ್ತಾನೆ. ತಾನೇ ಕೊಟ್ಟ ಪದಕವನ್ನು ಮಾಯ ಮಾಡಿ ‘ನೀನೇ ಕಳೆದೆ’ ಎನ್ನುತ್ತಾನೆ. ದಿನ ಕಳೆದಂತೆ ಆಕೆಗೂ ತನ್ನ ಬುದ್ಧಿ ಸರಿಯಿಲ್ಲ ಎಂಬ ನಂಬಿಕೆ ಬರುತ್ತದೆ.

ಈ ಕಥೆಯಲ್ಲಿ ಗಮನಿಸಬೇಕಾದ ಒಂದು ವಿಷಯವಿದೆ. ಆಕೆಯನ್ನು ಆ ಸ್ಥಿತಿಯಿಂದ ಹೊರತರುವುದು ಯಾವ ದೊಡ್ಡ ಚಿಕಿತ್ಸೆಯೂ ಅಲ್ಲ. ಪತ್ತೇದಾರನೊಬ್ಬ ಆ ಕೋಣೆಯಲ್ಲಿ ಕೂತಿದ್ದಾಗ ದೀಪ ಮಂಕಾಗುವುದನ್ನು ತಾನೂ ನೋಡುತ್ತಾನೆ, ಸಪ್ಪಳವನ್ನು ತಾನೂ ಕೇಳುತ್ತಾನೆ. ಹೊರಗಿನವರೊಬ್ಬರು ಹೀಗೆ ‘ಹೌದು, ನನಗೂ ಕಾಣಿಸಿತು’ ಎಂದ ಮೇಲೆ ಆಕೆ ಮತ್ತೆ ತನ್ನ ಕಣ್ಣನ್ನು ನಂಬುತ್ತಾಳೆ. ಈ ವಿಷಯಕ್ಕೆ ಮುಂದೆ ಮತ್ತೆ ಬರೋಣ.

ವೈದ್ಯರ ಪತ್ರಿಕೆಗಳಲ್ಲೂ ಈ ಹೆಸರು ಹಳೆಯದೇ. 1969ರಲ್ಲಿ ‘ದಿ ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಇಬ್ಬರು ವೈದ್ಯರು ‘ಗ್ಯಾಸ್ ಲೈಟ್ ವಿದ್ಯಮಾನ’ ಎಂಬ ಹೆಸರಿನಲ್ಲೇ ಲೇಖನ ಬರೆದಿದ್ದರು. ಆದರೆ ಇದು ಒಂದು ಕಾಯಿಲೆಯ ಹೆಸರಲ್ಲ. ಒಬ್ಬರು ಇನ್ನೊಬ್ಬರ ಜೊತೆ ನಡೆದುಕೊಳ್ಳುವ ರೀತಿಯ ಹೆಸರು. ಯಾವ ರಕ್ತಪರೀಕ್ಷೆಯೂ ಸ್ಕ್ಯಾನೂ ಇದನ್ನು ತೋರಿಸುವುದಿಲ್ಲ.

ಒಂದು ಉದಾಹರಣೆ: ಚೀಟಿ ದುಡ್ಡು ಎಲ್ಲಿ ಹೋಯಿತು?

ಮಾತಿನಲ್ಲಿ ಹೇಳಿದರೆ ಇದು ಅಷ್ಟು ಸುಲಭವಾಗಿ ಅರ್ಥವಾಗುವುದಿಲ್ಲ. ಹಾಗಾಗಿ ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಇದು ಯಾರದೋ ನಿಜಜೀವನದ ಕಥೆಯಲ್ಲ, ವಿವರಿಸಲು ನಾವು ಮಾಡಿಕೊಂಡದ್ದು.

ಖಾಸಗಿ ಶಾಲೆಯಲ್ಲಿ ಪಾಠ ಮಾಡುವ ಒಬ್ಬ ಹೆಂಗಸಿಗೆ ಜನವರಿಯಲ್ಲಿ ಚೀಟಿ ಎತ್ತಿದ 50,000 ರೂಪಾಯಿ ಬರುತ್ತದೆ. ಗಂಡ ಕೇಳುತ್ತಾನೆ, ‘ಫ್ರೆಂಡ್‌ಗೆ ಅರ್ಜೆಂಟ್ ಇದೆ, ಯುಗಾದಿ ಹೊತ್ತಿಗೆ ವಾಪಸ್ ಕೊಡಿಸ್ತೀನಿ.’ ಆಕೆ ಫೋನಿನಲ್ಲೇ ಹಣ ಕಳಿಸುತ್ತಾಳೆ. ಯುಗಾದಿ ಕಳೆಯುತ್ತದೆ. ಆಕೆ ಕೇಳುತ್ತಾಳೆ.

‘ರೀ, ಆ ದುಡ್ಡು ವಾಪಸ್ ಬಂತಾ?’

‘ಯಾವ ದುಡ್ಡು? ಅದು ಮನೆ ಖರ್ಚಿಗೆ ಅಂತ ನೀನೇ ಕೊಟ್ಟಿದ್ದಲ್ವಾ?’

ಇಲ್ಲಿಯವರೆಗೆ ಇದು ಗ್ಯಾಸ್‌ಲೈಟಿಂಗ್ ಎಂದು ಹೇಳಲು ಆಗುವುದಿಲ್ಲ. ಆತ ನಿಜವಾಗಿಯೂ ಮರೆತಿರಬಹುದು. ಮರ್ಯಾದೆ ಉಳಿಸಿಕೊಳ್ಳಲು ಸುಳ್ಳು ಹೇಳುತ್ತಿರಬಹುದು. ಸುಳ್ಳು ತಪ್ಪೇ, ಆದರೆ ಎಲ್ಲ ಸುಳ್ಳೂ ಗ್ಯಾಸ್‌ಲೈಟಿಂಗ್ ಅಲ್ಲ. ಮುಂದೇನಾಗುತ್ತದೆ ನೋಡಿ.

ಆಕೆ ‘ಇಲ್ಲ, ನೀವು ಅಡುಗೆಮನೇಲಿ ನಿಂತು ಕೇಳಿದ್ರಿ’ ಎನ್ನುತ್ತಾಳೆ. ಆತ ದುಡ್ಡಿನ ವಿಷಯಕ್ಕೆ ಉತ್ತರ ಕೊಡುವುದಿಲ್ಲ. ‘ನಿನಗೆ ಇತ್ತೀಚೆಗೆ ಏನಾಗಿದೆ? ಮೊನ್ನೆ ಹಾಲು ಉಕ್ಕಿಸಿದೆ. ಹೋದ ವಾರ ಬೀಗ ಹಾಕೋದು ಮರೆತೆ’ ಎನ್ನುತ್ತಾನೆ. ಹಾಲು ಉಕ್ಕಿದ್ದು ನಿಜ. ಬೀಗದ ವಿಷಯ ನಿಜವೋ ಅಲ್ಲವೋ ಆಕೆಗೆ ಗೊತ್ತಿಲ್ಲ. ಹೀಗೆ ಒಂದು ನಿಜದ ಪಕ್ಕದಲ್ಲಿ ಅನುಮಾನದ ಸಂಗತಿಯೊಂದನ್ನು ಕೂರಿಸಿದಾಗ ಎರಡೂ ನಿಜದಂತೆಯೇ ಕಾಣುತ್ತವೆ. ಮಾತು ದುಡ್ಡಿನಿಂದ ಆಕೆಯ ತಲೆಯ ಕಡೆಗೆ ತಿರುಗಿತು ಎಂಬುದನ್ನು ಗಮನಿಸಿ.

ಎರಡು ವಾರದ ನಂತರ ಆತ ತನ್ನ ಅಮ್ಮನಿಗೆ ಆಕೆಯ ಎದುರಿಗೇ ಹೇಳುತ್ತಾನೆ, ‘ಇವಳಿಗೆ ಮರೆವು ಜಾಸ್ತಿ ಆಗಿದೆ ಅಮ್ಮ, ಯಾರಿಗಾದ್ರೂ ತೋರಿಸಬೇಕು.’ ಮಾತಿನಲ್ಲಿ ಕಾಳಜಿ ಇದೆ. ಆದರೆ ಅತ್ತೆ ಇನ್ನು ಮುಂದೆ ಆಕೆಯ ಯಾವ ಮಾತನ್ನೂ ಪೂರ್ತಿ ನಂಬುವುದಿಲ್ಲ. ಆಕೆಯ ಪರವಾಗಿ ಮಾತಾಡಬಹುದಾಗಿದ್ದ ಒಬ್ಬರು ಕಡಿಮೆಯಾದರು.

ಒಂದು ದಿನ ಆಕೆ ಫೋನಿನಲ್ಲಿ ಹಣ ಕಳಿಸಿದ ದಾಖಲೆ ತೆಗೆದು ತೋರಿಸುತ್ತಾಳೆ. ಹಣ ಹೋದದ್ದು ನೇರವಾಗಿ ಆ ಸ್ನೇಹಿತನ ಖಾತೆಗೆ. ತಾರೀಖು, ಮೊತ್ತ ಎಲ್ಲ ಇದೆ. ಮರೆತವನಾಗಿದ್ದರೆ ‘ಓ ಹೌದಲ್ಲ’ ಎನ್ನಬೇಕಿತ್ತು. ಆತ ಹೇಳುವುದು ಬೇರೆ: ‘ಅಂದ್ರೆ ನೀನು ನನ್ನ ಮೇಲೆ ಲೆಕ್ಕ ಇಡ್ತಾ ಇದ್ದೀಯ? ಗಂಡನ ಮೇಲೆ ನಂಬಿಕೆನೇ ಇಲ್ಲ ಅಲ್ವಾ?’ ಆ ರಾತ್ರಿ ಜಗಳ ಮುಗಿಯುವ ಹೊತ್ತಿಗೆ ಕ್ಷಮೆ ಕೇಳಿದವಳು ಆಕೆ. ದುಡ್ಡಿನ ಪ್ರಶ್ನೆ ಅಲ್ಲೇ ಉಳಿಯಿತು.

ಕೆಲವು ತಿಂಗಳ ನಂತರ ಆಕೆ ಗ್ಯಾಸ್ ಆರಿಸಿ, ಮತ್ತೆ ನೋಡಿ, ಮತ್ತೊಮ್ಮೆ ನೋಡಿ, ಕೊನೆಗೆ ಗಂಡನನ್ನೇ ಕೇಳುತ್ತಾಳೆ, ‘ರೀ, ನಾನು ಗ್ಯಾಸ್ ಆಫ್ ಮಾಡಿದ್ನಾ?’ ಈಗ ಆಕೆಯ ನೆನಪಿನ ಬೀಗದಕೈ ಆತನ ಜೇಬಿನಲ್ಲಿದೆ.

ಓದು ಬಲ್ಲವರಿಗೂ ಹೀಗಾಗುತ್ತದೆಯೇ?

ಆಗುತ್ತದೆ. ಅದಕ್ಕೆ ಕಾರಣ ದಡ್ಡತನವಲ್ಲ, ನೆನಪು ಕೆಲಸ ಮಾಡುವ ರೀತಿ. ನಾವೆಲ್ಲ ನೆನಪನ್ನು ಮೊಬೈಲಿನಲ್ಲಿ ತೆಗೆದಿಟ್ಟ ವಿಡಿಯೋ ಎಂದುಕೊಂಡಿದ್ದೇವೆ. ನಿಜದಲ್ಲಿ ಪ್ರತಿ ಸಲ ನೆನಪಿಸಿಕೊಂಡಾಗಲೂ ಮೆದುಳು ತುಣುಕುಗಳನ್ನು ಸೇರಿಸಿ ಹೊಸದಾಗಿ ಕಟ್ಟುತ್ತದೆ. ಆಗ ಹೊರಗಿನವರ ಮಾತೂ ಅದರೊಳಗೆ ಸೇರಿಬಿಡಬಹುದು.

ಇದಕ್ಕೆ ಪ್ರಸಿದ್ಧ ಪ್ರಯೋಗವೊಂದಿದೆ. 1974ರಲ್ಲಿ ಅಮೆರಿಕದ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ವಿದ್ಯಾರ್ಥಿಗಳಿಗೆ ಕಾರು ಅಪಘಾತದ ಚಿತ್ರವೊಂದನ್ನು ತೋರಿಸಿದರು. ನಂತರ 50 ಜನರಿಗೆ ‘ಕಾರುಗಳು ಒಂದಕ್ಕೊಂದು ತಾಗಿದಾಗ ಎಷ್ಟು ವೇಗದಲ್ಲಿದ್ದವು’ ಎಂಬರ್ಥದ ಪ್ರಶ್ನೆ ಕೇಳಿದರು. ಇನ್ನು 50 ಜನರಿಗೆ ‘ತಾಗಿದಾಗ’ ಎಂಬುದರ ಬದಲು ‘ಜಜ್ಜಿಹೋಗುವಂತೆ ಅಪ್ಪಳಿಸಿದಾಗ’ ಎಂಬರ್ಥದ ಪದ ಬಳಸಿದರು. ಒಂದು ವಾರ ಬಿಟ್ಟು ‘ಒಡೆದ ಗಾಜು ನೋಡಿದ್ದಿರಾ’ ಎಂದು ಕೇಳಿದಾಗ ಮೊದಲ ಗುಂಪಿನಲ್ಲಿ 7 ಜನ ಹೌದು ಎಂದರು, ಎರಡನೆಯದರಲ್ಲಿ 16 ಜನ. ಚಿತ್ರದಲ್ಲಿ ಒಡೆದ ಗಾಜು ಇರಲೇ ಇಲ್ಲ! ಅಪರಿಚಿತರು ಒಮ್ಮೆ ಬಳಸಿದ ಒಂದು ಪದಕ್ಕೆ ಇಷ್ಟು ಶಕ್ತಿ ಇದೆ. ಒಂದೇ ಮನೆಯಲ್ಲಿರುವ, ನಾವು ನಂಬುವ ವ್ಯಕ್ತಿ ತಿಂಗಳುಗಟ್ಟಲೆ ಒಂದನ್ನೇ ಹೇಳುತ್ತಿದ್ದರೆ ಏನಾಗಬಹುದು ಎಂದು ಊಹಿಸಬಹುದು.

ಇನ್ನೊಂದು ಪ್ರಯೋಗ ನಮ್ಮ ಉದಾಹರಣೆಗೆ ಇನ್ನೂ ಹತ್ತಿರ. 2003ರಲ್ಲಿ ನೆದರ್‌ಲ್ಯಾಂಡ್ಸ್‌ನ ಮಾರ್ಸೆಲ್ ವಾನ್ ಡೆನ್ ಹೌಟ್ ಮತ್ತು ಮೆರೆಲ್ ಕಿಂಡ್ಟ್ ಆರೋಗ್ಯವಂತ ವಿದ್ಯಾರ್ಥಿಗಳಿಗೆ ಕಂಪ್ಯೂಟರ್ ಪರದೆಯ ಮೇಲೆ ಗ್ಯಾಸ್ ಒಲೆ ಕೊಟ್ಟರು. ಒಂದು ಗುಂಪು ಅದೇ ಒಲೆಯನ್ನು ಹಚ್ಚಿ, ಆರಿಸಿ, ಆರಿದೆಯೇ ಎಂದು ಮತ್ತೆ ಮತ್ತೆ ಪರೀಕ್ಷಿಸಬೇಕಿತ್ತು. ಇನ್ನೊಂದು ಗುಂಪು ಒಲೆಯ ಬದಲು ದೀಪಗಳನ್ನು ಪರೀಕ್ಷಿಸಿತು. ಕೊನೆಯಲ್ಲಿ ಇಬ್ಬರಿಗೂ ಒಲೆಯ ಬಗ್ಗೆ ಕೇಳಿದಾಗ ಉತ್ತರದ ಸರಿ ತಪ್ಪಿನಲ್ಲಿ ಹೆಚ್ಚು ವ್ಯತ್ಯಾಸ ಇರಲಿಲ್ಲ. ಆದರೆ ಮತ್ತೆ ಮತ್ತೆ ಒಲೆಯನ್ನೇ ನೋಡಿದವರಿಗೆ ನೆನಪು ಮಸುಕಾಗಿ ಕಂಡಿತು, ಅದರ ಮೇಲಿನ ನಂಬಿಕೆ ಕುಸಿದಿತ್ತು.

ಇದರ ಅರ್ಥ ಸ್ವಲ್ಪ ನಿಧಾನವಾಗಿ ನೋಡಬೇಕು. ನೆನಪು ಮತ್ತು ನೆನಪಿನ ಮೇಲಿನ ನಂಬಿಕೆ, ಇವು ಎರಡು ಬೇರೆ ಬೇರೆ ಸಂಗತಿಗಳು. ಮೊದಲನೆಯದು ಗಟ್ಟಿಯಾಗಿದ್ದರೂ ಎರಡನೆಯದು ಬೀಳಬಹುದು. ಅನುಮಾನ ಬಂದಾಗ ಮತ್ತೆ ಮತ್ತೆ ಪರೀಕ್ಷಿಸುತ್ತೇವೆ. ಪರೀಕ್ಷಿಸಿದಷ್ಟೂ ಯಾವ ಸಲದ್ದು ಯಾವುದು ಎಂಬುದು ಕಲಸಿಹೋಗಿ ಅನುಮಾನ ಹೆಚ್ಚುತ್ತದೆ. ಹೀಗಾಗಿ ‘ನಿನಗೆ ಮರೆವು’ ಎಂದು ಯಾರಾದರೂ ಸುಳ್ಳೇ ಹೇಳಿದರೂ ಕೆಲವು ಕಾಲದ ನಂತರ ಮರೆವು ಬಂದಂತೆಯೇ ಅನುಭವವಾಗುತ್ತದೆ. ‘ನನಗೇ ಹಾಗೆ ಅನ್ನಿಸುತ್ತಿದೆ, ಹಾಗಾದರೆ ಅವರು ಹೇಳಿದ್ದು ನಿಜ ಇರಬೇಕು’ ಎಂಬ ತರ್ಕ ಇಲ್ಲಿ ಕೈಕೊಡುತ್ತದೆ.

ಈ ಎರಡೂ ಪ್ರಯೋಗಗಳು ಗ್ಯಾಸ್‌ಲೈಟಿಂಗ್ ಬಗ್ಗೆ ನಡೆದವಲ್ಲ ಎಂಬುದನ್ನೂ ಹೇಳಬೇಕು. ನೆನಪು ಎಲ್ಲಿ ಸಡಿಲ ಎಂಬುದನ್ನು ಮಾತ್ರ ಅವು ತೋರಿಸುತ್ತವೆ.

ಹಾಗಾದರೆ ಗುರುತಿಸುವುದು ಹೇಗೆ?

ಲಾಫ್ಟಸ್ ಪ್ರಯೋಗ ಇನ್ನೊಂದು ಎಚ್ಚರಿಕೆಯನ್ನೂ ಕೊಡುತ್ತದೆ. ನೆನಪು ಎಲ್ಲರದ್ದೂ ಹೀಗೇ ಆದ್ದರಿಂದ ಗಂಡ ಹೆಂಡತಿ ಇಬ್ಬರೂ ಪ್ರಾಮಾಣಿಕವಾಗಿಯೇ ಒಂದೇ ಘಟನೆಯನ್ನು ಬೇರೆ ಬೇರೆಯಾಗಿ ನೆನಪಿಟ್ಟಿರಬಹುದು. ಯಾರ ನೆನಪು ಸರಿ ಎಂದು ಹಟ ಹಿಡಿಯುವುದರಿಂದ ಏನೂ ತಿಳಿಯುವುದಿಲ್ಲ. ಅದರ ಬದಲು ಮೂರು ಪ್ರಶ್ನೆ ಕೇಳಿಕೊಳ್ಳಿ.

ಮೊದಲನೆಯದು: ಭಿನ್ನಾಭಿಪ್ರಾಯ ಘಟನೆಯ ಬಗ್ಗೆಯೋ, ನಿಮ್ಮ ಬುದ್ಧಿಯ ಬಗ್ಗೆಯೋ? ‘ನನಗೆ ಹಾಗೆ ನೆನಪಿಲ್ಲ’ ಎಂಬುದು ಘಟನೆಯ ಬಗ್ಗೆ ಆಡಿದ ಮಾತು. ‘ನಿನಗೆ ತಲೆ ಸರಿಯಿಲ್ಲ’ ಎಂಬುದು ನಿಮ್ಮ ಬಗ್ಗೆ ಆಡಿದ ಮಾತು. ಪ್ರತಿ ಸಲವೂ ಮೊದಲನೆಯದು ಎರಡನೆಯದಕ್ಕೆ ತಿರುಗುತ್ತಿದ್ದರೆ ಅದನ್ನು ಗಮನಿಸಬೇಕು.

ಎರಡನೆಯದು: ಪುರಾವೆ ಸಿಕ್ಕಾಗ ಏನಾಗುತ್ತದೆ? ಮೂರರಲ್ಲಿ ಇದೇ ಮುಖ್ಯ. ಮರೆತವರಿಗೆ ರಸೀದಿ, ಮೆಸೇಜ್ ತೋರಿಸಿದರೆ ಮುಜುಗರವಾಗಬಹುದು, ಸಿಟ್ಟೂ ಬರಬಹುದು, ಆದರೆ ವಿಷಯ ಇತ್ಯರ್ಥವಾಗುತ್ತದೆ. ಗ್ಯಾಸ್‌ಲೈಟಿಂಗ್‌ನಲ್ಲಿ ಪುರಾವೆ ತೋರಿಸಿದ್ದೇ ನಿಮ್ಮ ಅಪರಾಧವಾಗುತ್ತದೆ. ಪುರಾವೆ ಏನು ಹೇಳುತ್ತದೆ ಎಂಬ ಮಾತು ಬರುವುದೇ ಇಲ್ಲ.

ಮೂರನೆಯದು: ಮರೆವಿನ ಲಾಭ ಯಾವಾಗಲೂ ಒಬ್ಬರಿಗೇ ಆಗುತ್ತಿದೆಯೇ? ನಿಜವಾದ ಮರೆವಿಗೆ ಪಕ್ಷಪಾತ ಇಲ್ಲ. ಮರೆಯುವವರು ತಮಗೆ ಬರಬೇಕಾದ ದುಡ್ಡನ್ನೂ ಮರೆಯುತ್ತಾರೆ. ಕೊಟ್ಟ ಮಾತು, ಬೈದ ಮಾತು, ಖರ್ಚು ಮಾಡಿದ ಹಣ ಮಾತ್ರ ಮರೆತು, ನಿಮ್ಮ ಹತ್ತು ವರ್ಷ ಹಿಂದಿನ ತಪ್ಪು ತಾರೀಖು ಸಮೇತ ನೆನಪಿದ್ದರೆ ಅದು ಮರೆವಲ್ಲ.

ಒಂದು ಘಟನೆಯಿಂದ ಮೂರಕ್ಕೂ ಉತ್ತರ ಸಿಗುವುದಿಲ್ಲ. ಕೆಲವು ವಾರಗಳ ನಡೆ ನೋಡಬೇಕು. ಇದು ಗಂಡಂದಿರು ಮಾತ್ರ ಮಾಡುವ ಕೆಲಸವೂ ಅಲ್ಲ, ಹೆಂಡತಿಯಿಂದ ಗಂಡನಿಗೂ ಆಗಬಹುದು. ಆದರೆ ಅಮೆರಿಕದ ಸಮಾಜಶಾಸ್ತ್ರಜ್ಞೆ ಪೇಜ್ ಸ್ವೀಟ್ 2019ರ ಅಧ್ಯಯನದಲ್ಲಿ ತೋರಿಸಿದ ಹಾಗೆ, ಇಬ್ಬರ ನಡುವೆ ಬಲದ ಅಂತರ ಇರುವಲ್ಲಿ ಇದು ಹೆಚ್ಚು ನಾಟುತ್ತದೆ. ಕೈಯಲ್ಲಿ ಸ್ವಂತ ದುಡ್ಡಿಲ್ಲದ, ತವರಿನಿಂದ ದೂರದ ಊರಿಗೋ ವಿದೇಶಕ್ಕೋ ಗಂಡನ ಹಿಂದೆ ಹೋದ, ಅಲ್ಲಿ ಪರಿಚಯದವರಿಲ್ಲದ ಹೆಣ್ಣಿಗೆ ‘ನೀವೂ ನೋಡಿದ್ರಾ’ ಎಂದು ಕೇಳಲು ಯಾರೂ ಇರುವುದಿಲ್ಲ.

ನಿಜವಾಗಿಯೂ ಮರೆವು ಇದ್ದರೆ?

ಅದೂ ಸಾಧ್ಯ. ನಿದ್ರೆಗೇಡು, ಖಿನ್ನತೆ, ಥೈರಾಯ್ಡ್ ತೊಂದರೆ, ವಿಟಮಿನ್ ಬಿ12 ಕೊರತೆ, ಕೆಲವು ಮಾತ್ರೆಗಳು ನೆನಪನ್ನು ಮಂಕಾಗಿಸಬಹುದು. ಇವುಗಳಲ್ಲಿ ಹೆಚ್ಚಿನವುಗಳಿಗೆ ಚಿಕಿತ್ಸೆ ಇದೆ. ಒಂದು ಸುಳಿವು: ಕಾಯಿಲೆಯಿಂದ ಬಂದ ಮರೆವು ಮನೆ, ಕೆಲಸ, ಅಂಗಡಿ ಎಂದು ನೋಡುವುದಿಲ್ಲ. ಶಾಲೆಯಲ್ಲಿ ಮಕ್ಕಳ ಅಂಕಪಟ್ಟಿ ಸರಿಯಾಗಿ ಬರೆಯುವ, ಬಸ್ಸಿನ ಹೊತ್ತು ತಪ್ಪದ, ಆದರೆ ಒಬ್ಬ ವ್ಯಕ್ತಿಯ ಎದುರು ಮಾತ್ರ ‘ಮರೆಯುವ’ ಹೆಂಗಸಿನ ತೊಂದರೆ ಬಹುಶಃ ನೆನಪಿನದ್ದಲ್ಲ. ಆದರೂ ಅನುಮಾನವಿದ್ದರೆ ವೈದ್ಯರಿಗೆ ತೋರಿಸಿ. ಒಬ್ಬರೇ ಹೋಗಿ, ಅಥವಾ ಕನಿಷ್ಠ ಸ್ವಲ್ಪ ಹೊತ್ತು ವೈದ್ಯರ ಜೊತೆ ಒಬ್ಬರೇ ಮಾತಾಡಿ. ಇಲ್ಲದಿದ್ದರೆ ನಿಮ್ಮ ಕಥೆಯನ್ನು ಪಕ್ಕದಲ್ಲಿ ಕೂತವರೇ ಹೇಳಿಬಿಡುತ್ತಾರೆ.

ಇದರ ಇನ್ನೊಂದು ಮಗ್ಗುಲೂ ಇದೆ. ಮನೆಯ ಹಿರಿಯರೊಬ್ಬರು ಇತ್ತೀಚೆಗೆ ನಡೆದದ್ದನ್ನು ‘ನಡೆದೇ ಇಲ್ಲ’ ಎಂದು ವಾದಿಸಲು ಶುರುಮಾಡಿದ್ದರೆ ಅದು ಡಿಮೆನ್ಷಿಯಾದ ಲಕ್ಷಣ ಇರಬಹುದು. ಅವರನ್ನು ಗ್ಯಾಸ್‌ಲೈಟರ್ ಎಂದು ಕರೆಯುವ ಮೊದಲು ಆಸ್ಪತ್ರೆಗೆ ಕರೆದೊಯ್ಯಿರಿ.

ಬರೆದಿಡಿ, ಆದರೆ ವಾದ ಗೆಲ್ಲಲು ಅಲ್ಲ

ನೆನಪಿನ ಮೇಲಿನ ನಂಬಿಕೆ ಮರಳಿ ಬರಲು ಸರಳವಾದ ಸಾಧನ ಒಂದು ನೋಟ್‌ಬುಕ್. ಘಟನೆ ನಡೆದ ದಿನವೇ ಬರೆಯಬೇಕು, ಏಕೆಂದರೆ ಹೊರಗಿನ ಮಾತು ಸೇರಿಕೊಳ್ಳಲು ಆಗ ಕಾಲ ಸಿಕ್ಕಿರುವುದಿಲ್ಲ. ತಾರೀಖು, ಹೊತ್ತು, ಸ್ಥಳ, ಆಡಿದ ಮಾತು ಇದ್ದ ಹಾಗೆ, ಅಲ್ಲಿ ಬೇರೆ ಯಾರಿದ್ದರು, ಇಷ್ಟು ಸಾಕು. ‘ಮತ್ತೆ ಮೋಸ ಮಾಡಿದರು’ ಎಂದು ಬರೆದರೆ ಅದು ನಿಮ್ಮ ತೀರ್ಮಾನ. ‘ಜನವರಿ 12, ರಾತ್ರಿ 9, ಅಡುಗೆಮನೆ. ಯುಗಾದಿಗೆ ವಾಪಸ್ ಕೊಡಿಸುತ್ತೇನೆ ಎಂದರು. 50,000 ಕಳಿಸಿದೆ’ ಎಂದು ಬರೆದರೆ ಅದು ದಾಖಲೆ. ಆರು ತಿಂಗಳ ನಂತರ ನಿಮಗೇ ಅನುಮಾನ ಬಂದಾಗ ಎರಡನೆಯದು ಮಾತ್ರ ಉಪಯೋಗಕ್ಕೆ ಬರುತ್ತದೆ.

ಎಲ್ಲಿ ಬರೆಯುತ್ತೀರಿ ಎಂಬುದೂ ಮುಖ್ಯ. ಫೋನ್ ಲಾಕ್ ಅವರಿಗೆ ಗೊತ್ತಿದ್ದರೆ ಫೋನಿನಲ್ಲಿ ಬೇಡ. ವಾಟ್ಸಾಪ್ ಸೆಟ್ಟಿಂಗ್ಸ್‌ನಲ್ಲಿ ‘ಲಿಂಕ್ಡ್ ಡಿವೈಸಸ್’ ತೆರೆದು ನೋಡಿ. ನಿಮಗೆ ಗೊತ್ತಿಲ್ಲದ ಕಂಪ್ಯೂಟರ್ ಅಲ್ಲಿ ಕಂಡರೆ ನಿಮ್ಮ ಸಂದೇಶಗಳನ್ನು ಬೇರೆಯವರೂ ಓದುತ್ತಿದ್ದಾರೆ ಎಂದರ್ಥ. ಮೆಸೇಜ್‌ಗಳನ್ನು ಕಳಿಸಿದವರು ಆಮೇಲೆ ಅಳಿಸಬಹುದು. ಆದ್ದರಿಂದ ಮುಖ್ಯವಾದವುಗಳ ಸ್ಕ್ರೀನ್‌ಶಾಟ್ ತೆಗೆದು ನಂಬಿಕೆಯವರಿಗೆ ಕಳಿಸಿಡಿ.

ಬರೆದದ್ದನ್ನು ತೋರಿಸಿ ಅವರನ್ನು ಒಪ್ಪಿಸಲು ಹೋಗಬೇಡಿ. ಪುರಾವೆ ಕಂಡಾಗ ಏನಾಗುತ್ತದೆ ಎಂದು ಮೇಲೆ ನೋಡಿದೆವು. ಹೊಡೆಯುವ ಸ್ವಭಾವದವರಾಗಿದ್ದರೆ ಅಪಾಯವೂ ಇದೆ. ಆ ನೋಟ್‌ಬುಕ್ ನಿಮಗಾಗಿ, ಮತ್ತು ಮೂರನೆಯವರೊಬ್ಬರಿಗಾಗಿ.

ಮೂರನೆಯವರು ಏಕೆ ಬೇಕು? 1950ರ ದಶಕದಲ್ಲಿ ಸಾಲಮನ್ ಆಶ್ ನಡೆಸಿದ ಪ್ರಯೋಗದಲ್ಲಿ ಗೆರೆಗಳ ಉದ್ದ ಹೋಲಿಸುವ ಸುಲಭದ ಕೆಲಸವಿತ್ತು. ಮೊದಲೇ ಹೇಳಿಕೊಟ್ಟಿದ್ದ ಗುಂಪು ತಪ್ಪು ಉತ್ತರ ಹೇಳಿದಾಗ, ಕಣ್ಣೆದುರು ಸರಿಯಾದದ್ದು ಕಾಣುತ್ತಿದ್ದರೂ ಅಮಾಯಕರು ಸುಮಾರು ಮೂರರಲ್ಲಿ ಒಂದು ಸಲ ಗುಂಪಿನ ಜೊತೆ ಹೋದರು. ಆದರೆ ಗುಂಪಿನಲ್ಲಿ ಒಬ್ಬನೇ ಒಬ್ಬ ಸರಿಯಾದ ಉತ್ತರ ಹೇಳಿದರೂ ಸಾಕು, ತಪ್ಪುಗಳು ನಾಲ್ಕನೇ ಒಂದು ಭಾಗಕ್ಕೆ ಇಳಿದವು. ಚಿತ್ರದಲ್ಲಿ ದೀಪ ಮಂಕಾದದ್ದನ್ನು ನೋಡಿದ ಪತ್ತೇದಾರ ಮಾಡಿದ್ದೂ ಇದನ್ನೇ. ಅಕ್ಕ, ಗೆಳತಿ, ಸಹೋದ್ಯೋಗಿ, ಆಪ್ತಸಮಾಲೋಚಕರು, ಯಾರಾದರೂ ಒಬ್ಬರು ಸಾಕು. ಅವರಿಗೆ ‘ಯಾರು ಸರಿ ಹೇಳು’ ಎನ್ನಬೇಡಿ. ಬರೆದದ್ದನ್ನು ಓದಿಸಿ, ‘ನಿನಗೆ ಏನು ಕಾಣಿಸುತ್ತದೆ’ ಎಂದು ಕೇಳಿ.

ಸಹಾಯ ಎಲ್ಲಿ ಸಿಗುತ್ತದೆ?

2005ರ ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ರಕ್ಷಣಾ ಕಾಯ್ದೆಯಲ್ಲಿ ‘ಗ್ಯಾಸ್‌ಲೈಟಿಂಗ್’ ಎಂಬ ಪದ ಇಲ್ಲ. ಆದರೆ ಹೊಡೆತದ ಜೊತೆಗೆ ಮಾತಿನ ಮತ್ತು ಭಾವನಾತ್ಮಕ ಹಿಂಸೆ, ಹಣಕಾಸಿನ ಹಿಂಸೆಯನ್ನೂ ಈ ಕಾಯ್ದೆ ದೌರ್ಜನ್ಯ ಎಂದೇ ಪರಿಗಣಿಸುತ್ತದೆ. ಮಹಿಳಾ ಸಹಾಯವಾಣಿ 181, ತುರ್ತು ಸಂದರ್ಭಕ್ಕೆ 112. ಉಚಿತ ಕಾನೂನು ನೆರವಿಗೆ 15100, ಮಹಿಳೆಯರಿಗೆ ಇದಕ್ಕೆ ಆದಾಯದ ಮಿತಿ ಇಲ್ಲ. ಮನಸ್ಸಿಗೆ ತೀರಾ ಕಷ್ಟವಾದಾಗ ಟೆಲಿ ಮಾನಸ್‌ನ 14416ಕ್ಕೆ ಗಂಡಸರೂ ಹೆಂಗಸರೂ ಕರೆ ಮಾಡಬಹುದು. ಕನ್ನಡದಲ್ಲೇ ಮಾತಾಡಬಹುದು.

ಕೊನೆಗೆ, ಆ ಫಾರ್ವರ್ಡ್ ಬಗ್ಗೆ

‘ಈ ಐದು ಮಾತು ಹೇಳಿದರೆ ಗ್ಯಾಸ್‌ಲೈಟಿಂಗ್’ ಎಂಬುದು ದಾರಿ ತಪ್ಪಿಸುವ ಸಂದೇಶ. ಅದನ್ನು ನಂಬಿದರೆ ಸುಮ್ಮನೆ ಮರೆತವರ ಮೇಲೂ ಅಪವಾದ ಬರುತ್ತದೆ. ಇದನ್ನು ನಿಜವಾಗಿ ಮಾಡುವವರು ಅದೇ ಸಂದೇಶ ತೋರಿಸಿ ‘ನೋಡು, ನೀನೇ ನನಗೆ ಗ್ಯಾಸ್‌ಲೈಟಿಂಗ್ ಮಾಡ್ತಿರೋದು’ ಎನ್ನಲೂ ಬಹುದು. ಮುಂದಿನ ಸಲ ಅದು ನಿಮ್ಮ ಗುಂಪಿಗೆ ಬಂದರೆ ಐದು ಮಾತುಗಳ ಬದಲು ಈ ಒಂದು ಪ್ರಶ್ನೆಯನ್ನು ಕಳಿಸಿ: ಪುರಾವೆ ತೋರಿಸಿದಾಗ ವಿಷಯ ಮುಗಿಯುತ್ತದೆಯೋ, ಅಥವಾ ಪುರಾವೆ ತೋರಿಸಿದವರೇ ಕ್ಷಮೆ ಕೇಳಬೇಕಾಗುತ್ತದೆಯೋ?